ಆಳಿನ ಲೆಕ್ಕದ ಆ್ಯಪ್‌ಗೆ ಮೊದಲ ನೂರು ಮನೆ ಹುಡುಕಿದ್ದು

ಅಡಿಕೆ ತೋಟದ ಆಳಿನ ಲೆಕ್ಕ ಬರೆದಿಡುವ ಒಂದು ಆಂಡ್ರಾಯ್ಡ್ ಆ್ಯಪ್ ಮಾಡಿದ್ದೇನೆ. ಯಾರು ಯಾವತ್ತು ಬಂದರು, ಪೂರ್ತಿ ದಿನವೋ ಅರ್ಧ ದಿನವೋ, ಮುಂಗಡ ಎಷ್ಟು ಹೋಗಿದೆ, ಬಟವಾಡೆ ದಿನ ಕೈಗೆ ಎಷ್ಟು ಕೊಡಬೇಕು. ಇಷ್ಟೇ ಅದರ ಕೆಲಸ. ಪ್ಲೇ ಸ್ಟೋರ್‌ನಲ್ಲಿ ಎಲ್ಲರಿಗೂ ಸಿಗುವ ಹಾಗೆ ಬಿಡುವ ಮುಂಚೆ ನೂರು ಮನೆಗಳಲ್ಲಿ ಇದು ನಿಜವಾಗಿ ನಡೆಯಬೇಕು ಅಂತ ಇಟ್ಟುಕೊಂಡಿದ್ದೆ. ಆ ನೂರು ಎಲ್ಲೆಲ್ಲಿಂದ ಬಂತು ಅನ್ನೋದರ ಟಿಪ್ಪಣಿ ಇದು. ಕೋಡ್ ಬರೆದ ಕಥೆ ಇಲ್ಲಿ ಇಲ್ಲ.

ಊರು ಶಿರಸಿ–ಸಿದ್ದಾಪುರದ ಕಡೆ. ಇಲ್ಲಿ ಈ ಲೆಕ್ಕಕ್ಕೆ ಈಗಾಗಲೇ ಒಂದು ವ್ಯವಸ್ಥೆ ಇದೆ, ಅದು ಗೋಡೆ ಮೇಲಿನ ಕ್ಯಾಲೆಂಡರ್. ಅಡುಗೆಮನೆ ಬಾಗಿಲ ಪಕ್ಕದಲ್ಲಿ ತೂಗಿರುತ್ತದೆ. ತಾರೀಖಿನ ಚೌಕದೊಳಗೆ ಆಳಿನ ಹೆಸರಿನ ಮೊದಲ ಅಕ್ಷರ, ಅರ್ಧ ದಿನಕ್ಕೆ ಅದರ ಮೇಲೊಂದು ಅಡ್ಡಗೆರೆ, ಮುಂಗಡಕ್ಕೆ ಕೆಂಪು ಪೆನ್ನಿನಲ್ಲಿ ಮೊತ್ತ. ಇಬ್ಬರ ಹೆಸರೂ 'ಮ'ದಿಂದ ಶುರುವಾದರೆ ಒಬ್ಬರಿಗೆ ಸುತ್ತಲೂ ಗುಂಡಾಕಾರ. ಬರೆಯೋದು ಬಹಳ ಮನೆಗಳಲ್ಲಿ ಹೆಂಗಸರೇ. ನನ್ನ ಆ್ಯಪ್‌ನ ಮುಖ್ಯ ಪರದೆಯೂ ಆ ಚೌಕಗಳೇ. ಹೊಸದಾಗಿ ಏನನ್ನೂ ಕಲಿಸುವ ಹಾಗಿರಬಾರದು ಅನ್ನೋದೇ ಲೆಕ್ಕಾಚಾರ.

ಯಾರನ್ನು ಎಣಿಸಬೇಕು

ಜನ ಹುಡುಕಲು ಹೊರಡುವ ಮುಂಚೆ ಒಂದು ತೀರ್ಮಾನ ಬೇಕಿತ್ತು. ಆ್ಯಪ್ ಹಾಕಿಕೊಂಡವರನ್ನೆಲ್ಲ ಎಣಿಸಿದರೆ ನೂರು ಮುಟ್ಟೋದು ಕಷ್ಟವೇ ಅಲ್ಲ. ನೆಂಟರಿಷ್ಟರಲ್ಲೇ ಆಗಿಹೋಗುತ್ತದೆ. ನಾನು ಇಟ್ಟುಕೊಂಡ ಅಳತೆ ಮೂರು ಬಟವಾಡೆ. ಬೇರೆ ಬೇರೆ ಮೂರು ವಾರಗಳಲ್ಲಿ ಆ್ಯಪ್ ನೋಡಿ ದುಡ್ಡು ಕೊಟ್ಟ ಮನೆ ಮಾತ್ರ ಒಂದು ಅಂತ ಲೆಕ್ಕ.

ಮೂರೇ ಯಾಕೆ? ಮೊದಲ ವಾರ ಕುತೂಹಲಕ್ಕೆ ಬರೆಯುತ್ತಾರೆ. ಎರಡನೇ ವಾರ ನೆನಪಾದರೆ ಬರೆಯುತ್ತಾರೆ, ಆದರೆ ಕ್ಯಾಲೆಂಡರಿನಲ್ಲೂ ಬರೆದಿರುತ್ತಾರೆ. ಅಷ್ಟು ಹೊತ್ತಿಗೆ ಯಾರೋ ಒಬ್ಬರು ಮುಂಗಡ ತೆಗೆದುಕೊಂಡಿರುತ್ತಾರೆ, ಅದು ಹಿಂದಿನ ವಾರದಿಂದ ಮುಂದಕ್ಕೆ ಎಳೆದುಕೊಂಡು ಬರಬೇಕು. ಕ್ಯಾಲೆಂಡರಿನಲ್ಲಿ ಗೊಂದಲ ಆಗೋದು ಅಲ್ಲೇ. ಮೂರನೇ ಬಟವಾಡೆಗೆ ಫೋನ್ ತೆಗೆದರು ಅಂದರೆ ಲೆಕ್ಕವನ್ನು ಅದಕ್ಕೆ ಒಪ್ಪಿಸಿದ್ದಾರೆ ಅಂತ ಅರ್ಥ.

ಆಳುಗಳ ಹೆಸರು, ಕೂಲಿಯ ಮೊತ್ತ ಯಾವುದೂ ಫೋನ್ ಬಿಟ್ಟು ಹೊರಗೆ ಬರೋದಿಲ್ಲ. ನನ್ನ ಸರ್ವರ್‌ಗೆ ಬರುವುದು ಬಳಕೆದಾರರ ಒಂದು ಸಂಖ್ಯೆ, ಸಂಘ, ಕಾಲೇಜು ಹೀಗೆ ಒಂದೊಂದು ಗುಂಪಿಗೆ ಕೊಟ್ಟ ಕೋಡ್‌ಗಳಲ್ಲಿ ಯಾವುದರಿಂದ ಬಂದರು ಅನ್ನೋದು, ಬಟವಾಡೆಯ ತಾರೀಖು, ಮತ್ತು 'ಬಟವಾಡೆ ಆಯಿತು' ಒತ್ತಿದ ಹೊತ್ತು. ಎಣಿಸಲು ಅಷ್ಟು ಸಾಕು.

```sql
SELECT u.code, COUNT(*) AS joined,
  COUNT(CASE WHEN b.weeks >= 3 THEN 1 END) AS staying
FROM users u LEFT JOIN (
  SELECT user_id,
    COUNT(DISTINCT strftime('%Y-%W', created_at)) AS weeks
  FROM batavade GROUP BY user_id
) b ON b.user_id = u.id
GROUP BY u.code;
```

ಇದರಲ್ಲಿ `created_at` ಅನ್ನೋದು ಬಟನ್ ಒತ್ತಿದ ಕ್ಷಣ. ಬಟವಾಡೆಯ ತಾರೀಖು ಬೇರೆ ಕಾಲಮ್‌ನಲ್ಲಿದೆ, ಅದನ್ನು ಬೇಕಂತಲೇ ಬಿಟ್ಟಿದ್ದೇನೆ. ಯಾಕಂದರೆ ಹೊಸಬರು ಆ್ಯಪ್ ಹಾಕಿಕೊಂಡ ಸಂಜೆಯೇ ಕ್ಯಾಲೆಂಡರ್ ಮುಂದೆ ಕೂತು ಹಿಂದಿನ ನಾಲ್ಕು ವಾರದ್ದನ್ನು ಒಂದೇ ಸಲ ತುಂಬುತ್ತಾರೆ. ತಾರೀಖು ನೋಡಿ ಎಣಿಸಿದರೆ ಅವರು ಮೊದಲ ದಿನವೇ ಹಳಬರಾಗಿಬಿಡುತ್ತಾರೆ.

ಗೂಗಲ್‌ನ ಹನ್ನೆರಡು

ನೂರರ ಮುಂಚೆ ಇನ್ನೊಂದು ಸಣ್ಣ ಸಂಖ್ಯೆ ದಾಟಬೇಕು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆ ಆದರೆ, ಪ್ಲೇ ಸ್ಟೋರ್‌ನಲ್ಲಿ ಸಾರ್ವಜನಿಕವಾಗಿ ಬಿಡಲು ಮೊದಲು ಆಯ್ದ ಜನರಿಗೆ ಮಾತ್ರ ಕೊಟ್ಟು ನೋಡುವ ಕ್ಲೋಸ್ಡ್ ಟೆಸ್ಟ್ ನಡೆಸಬೇಕು. ಶುರುವಿನಲ್ಲಿ 20 ಜನ ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ ಅದನ್ನು 12ಕ್ಕೆ ಇಳಿಸಿದರು. ಆ 12 ಜನ ಸತತ 14 ದಿನ ಟೆಸ್ಟರ್‌ಗಳಾಗಿ ಉಳಿದಿರಬೇಕು. ನಡುವೆ ಯಾರಾದರೂ ಹೊರಬಿದ್ದರೆ ಸಂಖ್ಯೆ ಕೆಳಗೆ ಬರುತ್ತದೆ, ಹಾಗಾಗಿ ಸರಿಯಾಗಿ 12 ಇಟ್ಟುಕೊಂಡು ಕೂರುವುದು ಅಪಾಯ. ಇಂಟರ್ನಲ್ ಟೆಸ್ಟ್ ಅಂತ ಇನ್ನೊಂದು ದಾರಿ ಇದೆ. ಅದಕ್ಕೆ 100 ಜನರವರೆಗೆ ಸೇರಿಸಬಹುದು, ಹೊಸ ಆವೃತ್ತಿ ಬೇಗ ತಲುಪುತ್ತದೆ. ಆದರೆ ಈ 14 ದಿನದ ಲೆಕ್ಕಕ್ಕೆ ಅದು ಬರೋದಿಲ್ಲ.

ಕ್ಲೋಸ್ಡ್ ಟೆಸ್ಟ್‌ಗೆ ಸೇರಿಸಲು ಅವರ ಜಿಮೇಲ್ ವಿಳಾಸ ಪಟ್ಟಿಯಲ್ಲಿರಬೇಕು. ಆಮೇಲೆ ಅವರು ಈ ಥರದ ಲಿಂಕ್ ತೆರೆದು ಒಪ್ಪಿಗೆ ಕೊಡಬೇಕು:

```
https://play.google.com/apps/testing/com.example.totalekka
```

ಕೇಳಲು ಸುಲಭ, ಅಲ್ವಾ? ನಮ್ಮ ಕಡೆ ಇದೇ ದೊಡ್ಡ ಅಡ್ಡಿ. ಫೋನ್ ಕೊಂಡಾಗ ಮೊಬೈಲ್ ಅಂಗಡಿ ಹುಡುಗ ಯಾವುದೋ ಹೆಸರಲ್ಲಿ ಜಿಮೇಲ್ ಮಾಡಿಕೊಟ್ಟಿರುತ್ತಾನೆ, ಅದು ಏನಂತ ಮನೆಯವರಿಗೆ ಗೊತ್ತಿಲ್ಲ. ಆಮೇಲೆ ಮಗಳು ತನ್ನದೊಂದು ಖಾತೆ ಸೇರಿಸಿರುತ್ತಾಳೆ. ಅವರು ಬಾಯಲ್ಲಿ ಹೇಳಿದ ವಿಳಾಸ ಒಂದು, ಪ್ಲೇ ಸ್ಟೋರ್‌ನಲ್ಲಿ ತೆರೆದಿರುವುದು ಇನ್ನೊಂದು. ಲಿಂಕ್ ಒತ್ತಿದರೆ ಈ ಖಾತೆಗೆ ಇದು ಸಿಗುವುದಿಲ್ಲ ಅಂತ ಬರುತ್ತದೆ. ಜನ ಅದನ್ನು ಓದಿ 'ನಮ್ಮ ಫೋನಿಗೆ ಆಗೋದಿಲ್ಲ' ಅಂತ ತೀರ್ಮಾನಿಸಿ ಎದ್ದು ಹೋಗುತ್ತಾರೆ.

ಇದಕ್ಕೆ ನನಗೆ ಕೆಲಸ ಮಾಡಿದ ಕ್ರಮ ಹೀಗೆ. ವಿಳಾಸ ಕೇಳಲೇಬಾರದು. ಅವರದೇ ಫೋನಿನಲ್ಲಿ ಪ್ಲೇ ಸ್ಟೋರ್ ತೆರೆದು, ಮೇಲೆ ಬಲಗಡೆಯ ದುಂಡನೆ ಚಿತ್ರ ಒತ್ತಬೇಕು. ಅಲ್ಲಿ ಕಾಣುವ ವಿಳಾಸವನ್ನು ನೋಡಿಕೊಂಡು ಅಲ್ಲೇ ಪಟ್ಟಿಗೆ ಹಾಕಬೇಕು. ಪಟ್ಟಿ ಬದಲಾಗಿದ್ದು ಜಾರಿಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಆ್ಯಪ್ ಏನು ಮಾಡುತ್ತದೆ ಅಂತ ನನ್ನ ಫೋನಿನಲ್ಲಿ ತೋರಿಸುತ್ತಿದ್ದೆ. ಲಿಂಕ್ ತೆರೆಯುವಾಗ ಬ್ರೌಸರ್‌ನಲ್ಲೂ ಅದೇ ಖಾತೆ ಇದೆಯಾ ಅಂತ ನೋಡಬೇಕು.

ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಆ್ಯಪ್ ಹಾಕಿಕೊಳ್ಳುವ ಎಪಿಕೆ ಫೈಲನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಬಿಡು ಅಂತ ಹೇಳಿದವರು ಇದ್ದರು. ಮಾಡಲಿಲ್ಲ. ಮದುವೆ ಕರೆಯೋಲೆ, ಪಿಎಂ ಕಿಸಾನ್ ಅಂತ ಹೆಸರಿಟ್ಟ ಕಳ್ಳ ಎಪಿಕೆಗಳಿಂದ ಜನ ದುಡ್ಡು ಕಳೆದುಕೊಂಡಿದ್ದಾರೆ, ಪೊಲೀಸರು ಎಚ್ಚರಿಕೆ ಕೊಡುತ್ತಲೇ ಇದ್ದಾರೆ. ಎಪಿಕೆ ಒತ್ತುವ ಅಭ್ಯಾಸ ನನ್ನಿಂದ ಯಾರಿಗೂ ಆಗೋದು ಬೇಡ.

ಬೆಂಗಳೂರಿನ ಊರವರ ಸಂಘ

ಮೊದಲು ತಟ್ಟಿದ ಬಾಗಿಲು ಇದು, ಯಾಕಂದರೆ ಸುಲಭ. ನಮ್ಮ ಕಡೆಯಿಂದ ಹೋಗಿ ಬೆಂಗಳೂರಿನಲ್ಲಿ ನೆಲೆಸಿದವರ ಒಂದು ಸಂಘ, ಅದರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೂರಾರು ಜನ. ಒಂದು ಪರಿಚಯದ ಸಂದೇಶ ಹಾಕಿದೆ. ಹೃದಯ, ಚಪ್ಪಾಳೆ, 'ನಮ್ಮೂರ ಹುಡುಗನ ಸಾಧನೆ' ಎಲ್ಲ ಬಂತು. 41 ಜನ ಸೇರಿದರು. ಜಿಮೇಲ್ ಕೇಳಿದರೆ ಐದು ನಿಮಿಷದಲ್ಲಿ ಸರಿಯಾಗಿ ಕಳಿಸುತ್ತಾರೆ, ಲಿಂಕ್ ಒತ್ತುತ್ತಾರೆ, ಫೋನ್ ಸದಾ ನೆಟ್‌ನಲ್ಲಿರುತ್ತದೆ. ಗೂಗಲ್‌ನ ಹನ್ನೆರಡು ಒಂದೇ ಸಂಜೆ ಮುಗಿಯಿತು.

ಅದರಲ್ಲಿ ಮೂರು ಬಟವಾಡೆ ದಾಟಿದ್ದು ನಾಲ್ಕೇ ಮನೆ. ತೋಟ ಅವರದು, ಆದರೆ ಆಳಿಗೆ ದುಡ್ಡು ಕೊಡೋದು ಊರಿನಲ್ಲಿರುವ ಅಪ್ಪ, ಅಮ್ಮ, ಇಲ್ಲ ನೋಡಿಕೊಳ್ಳುವವರು. ದಾಟಿದ ಆ ನಾಲ್ವರು ವಾರಕ್ಕೊಮ್ಮೆ ಊರಿಗೆ ಫೋನ್ ಮಾಡಿ ಲೆಕ್ಕ ಕೇಳಿ ತಾವೇ ಬರೆಯುವವರು. ಅಂಥವರು ಇದ್ದಾರೆ ಅನ್ನೋದು ನನಗೆ ಗೊತ್ತಿರಲಿಲ್ಲ.

ಇಲ್ಲೊಂದು ಎಚ್ಚರ. ಸುಮ್ನೆ ಹೆಸರಿಗೆ ಸೇರಿದ ಟೆಸ್ಟರ್‌ಗಳಿಂದ 14 ದಿನ ಕಳೆಯಬಹುದು, ಆದರೆ ಆಮೇಲೆ ತುಂಬುವ ಅರ್ಜಿಯಲ್ಲಿ ಟೆಸ್ಟರ್‌ಗಳು ಆ್ಯಪ್ ಹೇಗೆ ಬಳಸಿದರು, ಏನು ಹೇಳಿದರು, ಅದರಿಂದ ಏನು ಬದಲಾಯಿಸಿದೆ ಅಂತ ಗೂಗಲ್ ಕೇಳುತ್ತದೆ. ಬಳಸಿದ್ದು ಸಾಲದು ಅನಿಸಿದರೆ ಇನ್ನಷ್ಟು ಪರೀಕ್ಷೆ ಮಾಡಿ ಅಂತ ವಾಪಸ್ ಕಳಿಸುತ್ತಾರೆ. ಬೆಂಗಳೂರಿನ ಪಟ್ಟಿ ಸಂಖ್ಯೆಗೆ ಆಧಾರ ಆಯಿತು, ಉತ್ತರ ಬರೆಯಲು ಬೇರೆಯವರೇ ಬೇಕಾಯಿತು.

ಸಹಕಾರಿ ಸಂಘ: ಸಭೆ ಅಲ್ಲ, ಅಂಗಳ

ಅಡಿಕೆ ಬೆಳೆಗಾರರನ್ನು ಒಟ್ಟಿಗೆ ಹಿಡಿಯುವ ಜಾಗ ಅಂದರೆ ಮಾರಾಟ ಸಹಕಾರಿ ಸಂಘ. ಶಿರಸಿಯ ತೋಟಗಾರ್ಸ್ ಸೊಸೈಟಿ ಶುರುವಾಗಿದ್ದು 1923ರಲ್ಲಿ. ಈ ಸೀಮೆಯಲ್ಲಿ ಸಂಘ ಅನ್ನೋದು ಮೂರು ತಲೆಮಾರಿನಿಂದ ಮನೆಯ ವ್ಯವಹಾರದ ಒಳಗೇ ಇದೆ. ನಾನು ಹೋಗಿದ್ದು ಅದಕ್ಕಿಂತ ಬಹಳ ಚಿಕ್ಕದಾದ, ಹೋಬಳಿ ಮಟ್ಟದ ಒಂದು ಸಂಘಕ್ಕೆ.

ಅಲ್ಲಿ ದಾರಿ ಒಂದೇ: ಮೊದಲು ಕಾರ್ಯದರ್ಶಿ, ಅವರ ಮೂಲಕ ಅಧ್ಯಕ್ಷರು, ಆಮೇಲೆ ಆಡಳಿತ ಮಂಡಳಿ ಸಭೆಯಲ್ಲಿ ಒಂದು ಸಾಲಿನ ಠರಾವು. ಕಾರ್ಯದರ್ಶಿಗಳು ಪೂರ್ತಿ ಕೇಳಿಸಿಕೊಂಡು, "ಸದಸ್ಯರ ಫೋನ್ ನಂಬರಿನ ಪಟ್ಟಿ ಕೊಡ್ತೆ, ತಗಂಡು ಹೋಗು ಮಾರಾಯ" ಅಂದರು. ಬೇಡ ಅಂದೆ. ಆ ನಂಬರುಗಳನ್ನು ಜನ ಕೊಟ್ಟಿದ್ದು ಸಂಘದ ವ್ಯವಹಾರಕ್ಕೆ, ನನ್ನ ಆ್ಯಪಿಗಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಹೇಳುವುದೂ ಅದನ್ನೇ, ಒಂದು ಕೆಲಸಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ನಡೆಯೋದಿಲ್ಲ. ಕಾಯ್ದೆ ಪಕ್ಕಕ್ಕಿಟ್ಟರೂ, ಗುರುತಿಲ್ಲದ ನಂಬರಿನಿಂದ ಬಂದ ಲಿಂಕನ್ನು ಈಗ ಯಾರು ಒತ್ತುತ್ತಾರೆ? ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯೂ ಉಪಯೋಗಕ್ಕೆ ಬರೋದಿಲ್ಲ, ನನ್ನ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಅದು ತಲುಪೋದು. ಪಟ್ಟಿ ಬದಲು ನಾನು ಕೇಳಿದ್ದು ಜಾಗ, ಒಂದು ಮೇಜು, ಎರಡು ಕುರ್ಚಿ.

ಸೆಪ್ಟೆಂಬರ್ ಸಹಕಾರಿ ಸಂಘಗಳ ವಾರ್ಷಿಕ ಸರ್ವ ಸದಸ್ಯರ ಸಭೆಗಳ ತಿಂಗಳು. ಮಾರ್ಚ್‌ಗೆ ಲೆಕ್ಕ ವರ್ಷ ಮುಗಿದು ಆರು ತಿಂಗಳೊಳಗೆ ಸಭೆ ಆಗಬೇಕು. ವೇದಿಕೆ ಮೇಲೆ ಐದು ನಿಮಿಷ ಮಾತಾಡಲು ಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ವಂದನಾರ್ಪಣೆ ಆಯಿತು, ಊಟಕ್ಕೆ ಎದ್ದರು, ಅಷ್ಟೇ. ಕೆಲವರು ಮೇಜಿನ ಹತ್ತಿರ ಬಂದರು, ಆದರೆ ಸಭಾಭವನದೊಳಗೆ ಸಿಗ್ನಲ್ ಇಲ್ಲ, ಲಿಂಕ್ ತೆರೆಯಲ್ಲ. ಅವತ್ತು ಸೇರಿದವರು ಹತ್ತರೊಳಗೆ.

ಕೆಲಸ ಆಗಿದ್ದು ಟೆಂಡರ್ ದಿನಗಳಲ್ಲಿ. ಅಡಿಕೆ ಚೀಲ ಇಳಿಸಿ, ತೂಕ ಆಗಿ, ದರ ಗೊತ್ತಾಗುವವರೆಗೆ ಬೆಳೆಗಾರರು ಅಂಗಳದಲ್ಲಿ ಕಾಯುತ್ತಾರೆ. ಕವಳ ಹಾಕುತ್ತಾ, ಬೇರೆ ಕಡೆ ಚಾಲಿ ಅಡಿಕೆ ಎಷ್ಟಕ್ಕೆ ಹೋಯಿತು ಅಂತ ಫೋನ್ ನೋಡುತ್ತಾ ಕೂತಿರುತ್ತಾರೆ. ಕೈಯಲ್ಲಿ ಫೋನ್ ಇದೆ, ಹೊತ್ತು ಇದೆ, ತಲೆಯಲ್ಲಿ ದುಡ್ಡಿನ ಲೆಕ್ಕವೇ ಓಡುತ್ತಿದೆ. ಸಂಘದ ಕಚೇರಿಯ ವೈಫೈ ಅಂಗಳದ ಆ ಮೂಲೆಗೆ ಸಿಗುತ್ತದೆ. ಮೇಜನ್ನು ಅಲ್ಲೇ ಹಾಕಿಸಿಕೊಂಡೆ.

ಎಲ್ಲರೂ ಕೇಳಿದ ಪ್ರಶ್ನೆ ಒಂದೇ. "ಇದೆಲ್ಲ ಇನ್ಕಮ್ ಟ್ಯಾಕ್ಸ್‌ನವರಿಗೆ ಹೋಗ್ತನಾ?" ಬಾಯಲ್ಲಿ ಉತ್ತರ ಹೇಳಿ ಪ್ರಯೋಜನವಿಲ್ಲ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಅವರ ಕೈಗೇ ಕೊಟ್ಟು, ನಾಲ್ಕು ಆಳಿನ ಒಂದು ವಾರದ ಲೆಕ್ಕ ಬರೆಯಿಸುತ್ತಿದ್ದೆ. ನೆಟ್ ಇಲ್ಲದೆ ಎಲ್ಲ ನಡೆಯುತ್ತದೆ, ಅಂದರೆ ಹೆಸರು–ಮೊತ್ತ ಫೋನಿನೊಳಗೇ ಇದೆ. ಆಮೇಲೆ, ಬಟವಾಡೆ ಆಯಿತು ಅನ್ನುವ ಒಂದು ಗುರುತು ಮಾತ್ರ ನೆಟ್ ಬಂದಾಗ ನನಗೆ ಬರುತ್ತದೆ ಅಂತಲೂ ಹೇಳುತ್ತಿದ್ದೆ. ಅದನ್ನು ಕೇಳಿ ಬೇಡ ಅಂದವರೂ ಇದ್ದರು. ಸಂಘದ ಕೋಡ್‌ನಿಂದ ಒಟ್ಟು 58 ಜನ ಸೇರಿದರು, 33 ಉಳಿದರು. ಸಭೆಯಲ್ಲಿ ಸೇರಿದವರಿಗಿಂತ ಅಂಗಳದಲ್ಲಿ ಸೇರಿದವರೇ ಜಾಸ್ತಿ ಉಳಿದಿದ್ದು.

ಹಾಲಿನ ಸೊಸೈಟಿಯನ್ನೂ ನೋಡಿದೆ. ದಿನಕ್ಕೆ ಎರಡು ಹೊತ್ತು ಜನ ಸೇರುತ್ತಾರೆ, ಮನೆಯ ಲೆಕ್ಕ ಬರೆಯುವ ಹೆಂಗಸರೇ ಬರುತ್ತಾರೆ. ಆದರೆ ಕೈಯಲ್ಲಿ ಕ್ಯಾನ್, ಫೋನ್ ಮನೆಯಲ್ಲಿ, ವಾಪಸ್ ಹೋಗಿ ತಿಂಡಿ ಮಾಡಬೇಕು. ಸುದ್ದಿ ಹರಡಲು ಒಳ್ಳೆಯ ಜಾಗ, ಆ್ಯಪ್ ಹಾಕಿಸಲು ಅಲ್ಲ. 9 ಜನ ಸೇರಿದರು, 7 ಉಳಿದರು.

ಕಾಲೇಜು

ಕಾಲೇಜಿನಿಂದ ಶುರು ಮಾಡು ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. 2004ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಹಾರ್ವರ್ಡ್ ಒಂದರಲ್ಲೇ ತೆರೆದುಕೊಂಡಿದ್ದನ್ನು ಉದಾಹರಣೆ ಕೊಡುತ್ತಾರೆ. ಅಲ್ಲಿ ಕಾಲೇಜಿಗೆ ಕಾರಣ ಇತ್ತು. ಒಬ್ಬರ ಪರಿಚಯದವರೆಲ್ಲ ಅದೇ ಆವರಣದಲ್ಲಿ, ಎಲ್ಲರಿಗೂ ಕಾಲೇಜಿನ ಇಮೇಲ್, ಹತ್ತು ಜನ ಬಂದರೆ ಹನ್ನೊಂದನೆಯವರಿಗೆ ಬರಲು ಅದೇ ಸಾಕು. ನನ್ನ ಆ್ಯಪ್ ಹಾಗಲ್ಲ. ಪಕ್ಕದ ಮನೆಯವರು ಬಳಸಿದರೆ ನಿಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ವಿದ್ಯಾರ್ಥಿಗಳಿಗೆ ಆಳಿನ ಲೆಕ್ಕವೂ ಇಲ್ಲ. ಹಾಗಿದ್ದ ಮೇಲೆ ಕಾಲೇಜು ಯಾಕೆ?

ವಾರದ ಕೊನೆಗೆ ಅವರು ಹೋಗುವುದು ತೋಟದ ಮನೆಗೆ, ಅದಕ್ಕೆ. ತಾಲೂಕಿನ ಒಂದು ಪದವಿ ಕಾಲೇಜಿನ ಬಿ.ಕಾಂ. ಉಪನ್ಯಾಸಕರೊಬ್ಬರ ಹತ್ತಿರ ಮಾತಾಡಿದೆ. ಕೂಲಿ ಲೆಕ್ಕ, ಮುಂಗಡ, ಬಾಕಿ, ಇದೆಲ್ಲ ಅವರ ಪಾಠದಲ್ಲೇ ಇದೆ. ಅದನ್ನು ಕ್ಷೇತ್ರ ಕಾರ್ಯದ ಒಂದು ಚಟುವಟಿಕೆ ಮಾಡಲು ಅವರು ಒಪ್ಪಿದರು. ಪಿಯು ಕಾಲೇಜನ್ನು ಬಿಟ್ಟೆ. ಅಲ್ಲಿನವರಿಗೆ 18 ತುಂಬಿರೋದಿಲ್ಲ, ಅವರ ಮಾಹಿತಿ ತೆಗೆದುಕೊಳ್ಳಲು ತಂದೆ–ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ ಅದೇ ಕಾಯ್ದೆ.

ವಿದ್ಯಾರ್ಥಿಗೆ ಕೊಟ್ಟ ಕೆಲಸ ಇಷ್ಟು: ಮನೆಯಲ್ಲಿ ಲೆಕ್ಕ ಬರೆಯುವವರ ಫೋನಿನಲ್ಲಿ ಆ್ಯಪ್ ಹಾಕಿಕೊಡುವುದು, ಬಟವಾಡೆ ಹೊತ್ತಿಗೆ ಪಕ್ಕದಲ್ಲಿ ಕೂರುವುದು, ಎಲ್ಲಿ ತಡವರಿಸಿದರು ಅಂತ ಒಂದು ಪುಟ ಬರೆಯುವುದು. ಅಂಕ ಆ ಪುಟಕ್ಕೆ. ಎಷ್ಟು ಫೋನಿಗೆ ಹಾಕಿಸಿದರು ಅನ್ನೋದಕ್ಕೆ ಅಂಕ ಬೇಡ ಅಂತ ಉಪನ್ಯಾಸಕರನ್ನು ಕೇಳಿಕೊಂಡಿದ್ದೆ, ಸಂಖ್ಯೆಗೆ ಅಂಕ ಇಟ್ಟರೆ ಹಾಸ್ಟೆಲಿನಲ್ಲೇ ತೋಟ ಎದ್ದು ನಿಲ್ಲುತ್ತದೆ. ಆದರೂ ಕೆಲವು ಸುಳ್ಳು ಖಾತೆ ಬಂದವು. ಪತ್ತೆ ಮಾಡೋದು ಸುಲಭ. ಇಲ್ಲಿ ಬಟವಾಡೆ ಸಂಜೆ, ಸಂತೆಯ ಹಿಂದಿನ ದಿನ. ಬೆಳಗ್ಗೆ ಹನ್ನೊಂದಕ್ಕೆ, ಒಂದೇ ತಾಸಿನಲ್ಲಿ, ನಾಲ್ಕೈದು ಹೊಸ ಮನೆಗಳು ಬಟವಾಡೆ ಮಾಡಿವೆ ಅಂದರೆ ಅದು ಕ್ಲಾಸ್‌ರೂಮಿನ ಕೊನೆಯ ಬೆಂಚು.

```sql
SELECT user_id, COUNT(*) FROM batavade
WHERE strftime('%H', created_at, '+330 minutes')
      BETWEEN '09' AND '14'
GROUP BY user_id;
```

330 ನಿಮಿಷ ಸೇರಿಸಿದ್ದು ಸರ್ವರ್‌ನ ಹೊತ್ತು ನಮ್ಮ ಹೊತ್ತಿಗಿಂತ ಐದೂವರೆ ತಾಸು ಹಿಂದಿರುವ ಯುಟಿಸಿಯಲ್ಲಿರೋದರಿಂದ. ಅಂಥ ಖಾತೆಗಳನ್ನು ಎಣಿಕೆಯಿಂದ ತೆಗೆದೆ, ಯಾರಿಗೂ ದೂರು ಹೇಳಲಿಲ್ಲ.

ಜಿಮೇಲ್‌ನ ಕಾಟ ಇಲ್ಲಿ ಇಲ್ಲವೇ ಇಲ್ಲ. ಅಮ್ಮನ ಫೋನಿನ ಖಾತೆ ಯಾವುದು, ಪಾಸ್‌ವರ್ಡ್ ಏನು, ಎಲ್ಲ ಮಕ್ಕಳಿಗೇ ಗೊತ್ತು. ಆಮೇಲೆ ಏನಾದರೂ ಸಿಕ್ಕಿಹಾಕಿಕೊಂಡರೆ ನನಗೆ ಫೋನ್ ಬರೋದಿಲ್ಲ, ಮನೆಯಲ್ಲೇ ಸರಿಯಾಗುತ್ತದೆ. ಪಕ್ಕದ ಮನೆಗೂ ಹಾಕಿಕೊಟ್ಟವರು ಇದ್ದರು. ಕಾಲೇಜಿನ ಕೋಡ್‌ನಿಂದ 47 ಮನೆ, ಅದರಲ್ಲಿ 38 ಉಳಿದವು. ಉಳಿದ ಬಾಗಿಲುಗಳಿಗೆ ಹೋಲಿಸಿದರೆ ಇದೇ ದೊಡ್ಡ ಪಾಲು, ಅದೂ ಕಾಲೇಜಿನವರಾರೂ ನನ್ನ ಬಳಕೆದಾರರಲ್ಲ.

ಆ ಒಂದೊಂದು ಪುಟಗಳಿಂದ ಆದ ಲಾಭವೂ ದೊಡ್ಡದು. ಸುಮಾರು ಜನ ಬರೆದಿದ್ದು ಒಂದೇ ಮಾತು: ಸುಲಿತದ ಲೆಕ್ಕ ಬರೆಯಲು ಜಾಗ ಇಲ್ಲ. ಕೊಯ್ಲು ಶುರುವಾದ ಮೇಲೆ ಅಡಿಕೆ ಸುಲಿಯುವವರು ಬರುತ್ತಾರೆ, ಅವರಿಗೆ ದಿನಗೂಲಿ ಅಲ್ಲ, ಸುಲಿದಷ್ಟಕ್ಕೆ ದುಡ್ಡು. ಕೆಲವು ಮನೆಗಳಲ್ಲಿ ಡಬ್ಬದ ಲೆಕ್ಕ, ಕೆಲವು ಕಡೆ ಕೆ.ಜಿ. ಲೆಕ್ಕ. ಮರ ಹತ್ತುವ ಕೊನೆಗೌಡನ ಲೆಕ್ಕ ಇನ್ನೊಂದೇ ಥರ. ದಿನ ಮತ್ತು ಅರ್ಧ ದಿನ ಮಾತ್ರ ಇದ್ದ ನನ್ನ ಚೌಕದಲ್ಲಿ ಜನ ಡಬ್ಬದ ಸಂಖ್ಯೆಯನ್ನು ಟಿಪ್ಪಣಿ ಜಾಗದಲ್ಲಿ ತುರುಕಿ, ಗುಣಾಕಾರ ಬೇರೆ ಮಾಡಿಕೊಳ್ಳುತ್ತಿದ್ದರು. ಈಗ ಒಂದೊಂದು ಆಳಿಗೂ ದಿನ, ಡಬ್ಬ, ಕೆ.ಜಿ., ಗುತ್ತಿಗೆ ಅಂತ ಬೇರೆ ಬೇರೆ ಇಡಬಹುದು.

ಮಿತಿ ಏನಂದರೆ, ಪರೀಕ್ಷೆ ಹತ್ತಿರ ಬಂದ ಕೂಡಲೇ ಈ ಬಾಗಿಲು ಮುಚ್ಚುತ್ತದೆ. ಸೆಮಿಸ್ಟರ್ ಶುರುವಾದ ಮೊದಲ ತಿಂಗಳಲ್ಲೇ ಕೆಲಸ ಹಚ್ಚಿಬಿಡಬೇಕು.

ಸ್ತ್ರೀಶಕ್ತಿ ಗುಂಪು

ಇದು ನನ್ನ ಯೋಜನೆಯಲ್ಲಿ ಇರಲಿಲ್ಲ. ಒಬ್ಬ ವಿದ್ಯಾರ್ಥಿನಿಯ ತಾಯಿ ಸ್ತ್ರೀಶಕ್ತಿ ಸಂಘದಲ್ಲಿದ್ದಾರೆ. ಅವರ ಮನೆಗೆ ತೋಟ ಇಲ್ಲ, ಅವರು ಬೇರೆಯವರ ತೋಟಕ್ಕೆ ಕೆಲಸಕ್ಕೆ ಹೋಗುವವರು. ವಾರದ ಸಭೆಯಲ್ಲಿ ಉಳಿತಾಯದ ದುಡ್ಡು ಎಣಿಸಿ ಪುಸ್ತಕದಲ್ಲಿ ಬರೆದಾದ ಮೇಲೆ ನಾನು ಆ್ಯಪ್ ತೋರಿಸಿದೆ. ಕೇಳಿಸಿಕೊಂಡು ಒಬ್ಬರು, "ತಮ್ಮಾ, ಇದು ಕೊಡೋರ ಲೆಕ್ಕ. ತಗಳೋರಿಗೆ ಇಲ್ವಾ?" ಅಂದರು.

ಅವರ ಲೆಕ್ಕ ಇನ್ನೂ ಕಷ್ಟದ್ದು. ಒಂದೇ ವಾರದಲ್ಲಿ ಮೂರು ಮನೆಗೆ ಹೋಗಿರುತ್ತಾರೆ, ಒಂದೊಂದು ಮನೆಯ ದರ ಬೇರೆ, ಮುಂಗಡ ಬೇರೆ. ಬರೆದಿಡುವುದು ಬಹಳ ಸಲ ನೆನಪಿನಲ್ಲೇ. ಆ್ಯಪ್‌ನ ಒಳಗೆ ಇದ್ದ ಚೌಕಗಳನ್ನೇ ತಿರುಗಿಸಿ, ಆಳಿನ ಜಾಗದಲ್ಲಿ ಮನೆಯ ಹೆಸರು ಬರುವ ಹಾಗೆ 'ನನ್ನ ದಿನ' ಅಂತ ಒಂದು ಪರದೆ ಮಾಡಿದೆ. 26 ಜನ ಸೇರಿದರು, 21 ಉಳಿದರು. ನೂರು ಮನೆ ಅಂತ ಇಟ್ಟುಕೊಂಡಿದ್ದೆನಲ್ಲ, ಈ ಮನೆಗಳೂ ಅದರಲ್ಲೇ.

ಎರಡೂ ಕಡೆಯವರು ಬರೆಯಲು ಶುರು ಮಾಡಿದ ಮೇಲೆ ಒಂದು ತಕರಾರು ಬಂತು. ಒಂದು ವಾರ ತೋಟದ ಮನೆಯ ಫೋನಿನಲ್ಲಿ ಐದೂವರೆ ದಿನ, ಕೆಲಸಕ್ಕೆ ಹೋದವರ ಫೋನಿನಲ್ಲಿ ಆರು. ಕೂತು ಚೌಕ ಚೌಕ ನೋಡಿದಾಗ ಗೊತ್ತಾಯಿತು, ಬುಧವಾರ ಹನ್ನೊಂದಕ್ಕೆ ಮಳೆ ಹಿಡಿದು ಕೆಲಸ ನಿಂತಿತ್ತು. ಯಜಮಾನರು ಕೆಲಸ ಆಗಿದ್ದು ಅರ್ಧ ದಿನ ಅಂತ ಅರ್ಧ ಬರೆದರು. ಕೆಲಸಕ್ಕೆ ಹೋದವರು ಪೂರ್ತಿ ದಿನಕ್ಕೆ ಬಂದಿದ್ದೆ, ಬೇರೆ ಮನೆಯ ಕೆಲಸ ಬಿಟ್ಟಿದ್ದೆ ಅಂತ ಪೂರ್ತಿ ಬರೆದರು. ಯಾರದು ಸರಿ ಅಂತ ಹೇಳುವ ಕೆಲಸ ಆ್ಯಪಿನದಲ್ಲ, ಊರಿಂದ ಊರಿಗೆ ರೂಢಿ ಬೇರೆ. ನಾನು ಮಾಡಿದ್ದು ಇಷ್ಟೇ. ಚೌಕಕ್ಕೆ 'ಮಳೆ' ಅನ್ನುವ ಗುರುತು ಸೇರಿಸಿದೆ, ಅದಕ್ಕೆ ಎಷ್ಟು ಕೂಲಿ ಅಂತ ಮನೆಯವರೇ ಮೊದಲೇ ಇಟ್ಟುಕೊಳ್ಳಬೇಕು. ಇನ್ನೊಂದು, ಬಟವಾಡೆಯ ಹಿಂದಿನ ರಾತ್ರಿ ವಾರದ ಏಳು ಚೌಕದ ಒಂದು ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಆಳಿಗೆ ಕಳಿಸುವ ಬಟನ್. ತಕರಾರು ಇದ್ದರೆ ದುಡ್ಡು ಎಣಿಸುವ ಮುಂಚೆ ಗೊತ್ತಾಗಲಿ ಅಂತ.

ಈ ಬಟನ್ ಎಲ್ಲರಿಗೂ ಇಷ್ಟವಾಗಲಿಲ್ಲ. ಸಂಘದ ಕಡೆಯಿಂದ ಬಂದ ಕೆಲವು ಮನೆಗಳು 'ಆಳಿಗೆ ಲೆಕ್ಕ ಕಳಿಸೋದು ಯಾವ ಪದ್ಧತಿ' ಅಂತ ಆ್ಯಪನ್ನೇ ತೆಗೆದವು. ಬಟನ್ ಒತ್ತಲೇಬೇಕು ಅಂತೇನಿಲ್ಲ, ಆದರೆ ಇದೆ ಅನ್ನೋದೇ ಅವರಿಗೆ ಸಾಕಾಯಿತು. ಬಟನ್ ತೆಗೆಯಲಿಲ್ಲ.

ಈಗ ಎಲ್ಲಿದೆ

ಐದು ಕೋಡ್‌ಗಳಿಂದ ಸೇರಿದವರು 181, ಮೂರು ಬಟವಾಡೆ ದಾಟಿದವರು 103. ಮೇಲೆ ಹೇಳಿದ ಸುಳ್ಳು ಖಾತೆಗಳು ಇದರಲ್ಲಿಲ್ಲ.

ಮತ್ತೆ ಮಾಡುವುದಾದರೆ ಕ್ರಮ ಬದಲಾಯಿಸುತ್ತೇನೆ. ಬೆಂಗಳೂರಿನ ಗುಂಪಿನಿಂದ ಇಪ್ಪತ್ತು ಜನ ಸಾಕು, ಅದೂ ಗೂಗಲ್‌ನ ಗಡಿಯಾರ ಬೇಗ ಓಡಲು ಶುರುವಾಗಲಿ ಅಂತ. ಜುಲೈನಲ್ಲೇ ಕಾಲೇಜಿಗೆ ಹೋಗುತ್ತೇನೆ, ಸ್ತ್ರೀಶಕ್ತಿ ಗುಂಪಿಗೆ ಅದರ ಜೊತೆಗೇ. ಸರ್ವ ಸದಸ್ಯರ ಸಭೆಯ ವೇದಿಕೆ ಬಿಡುತ್ತೇನೆ, ಅಂಗಳದ ಮೇಜು ಬಿಡೋದಿಲ್ಲ. ಇನ್ನೂ ಒಂದು, ಕೊಯ್ಲಿನ ಹೊತ್ತಿಗೆ ಹೊಸಬರನ್ನು ಸೇರಿಸಲು ಹೋಗಬಾರದು. ಆಗ ಲೆಕ್ಕ ಜಾಸ್ತಿ, ಹಾಗಾಗಿ ಆ್ಯಪ್ ಬೇಕೇ ಬೇಕು ಅನಿಸುತ್ತದೆ, ಆದರೆ ಕೂತು ಕಲಿಯಲು ಯಾರಿಗೂ ಪುರುಸೊತ್ತಿರೋದಿಲ್ಲ. ಕೊಯ್ಲಿಗೆ ಮುಂಚೆ ನಾಲ್ಕೈದು ಸಣ್ಣ ಬಟವಾಡೆ ಆಗಿದ್ದ ಮನೆಗಳೇ ಕೊಯ್ಲಿನಲ್ಲೂ ಉಳಿದಿದ್ದು.

ಪ್ಲೇ ಕನ್ಸೋಲ್‌ನಲ್ಲಿ ಸಾರ್ವಜನಿಕ ಬಿಡುಗಡೆಗೆ ಅರ್ಜಿ ಹಾಕಿದ್ದೇನೆ. ಟೆಸ್ಟರ್‌ಗಳಿಂದ ಏನು ತಿಳಿಯಿತು ಅನ್ನುವ ಜಾಗದಲ್ಲಿ ಡಬ್ಬದ ಲೆಕ್ಕ, ಮಳೆ ಗುರುತು, ಆಳಿಗೆ ಕಳಿಸುವ ವಾರದ ಚಿತ್ರ, ಈ ಮೂರನ್ನು ಯಾವ ಆವೃತ್ತಿಯಲ್ಲಿ ಸೇರಿಸಿದೆ ಅನ್ನೋದರ ಸಮೇತ ಬರೆದೆ. ಕ್ಲೋಸ್ಡ್ ಟೆಸ್ಟ್‌ನವರ ಅಭಿಪ್ರಾಯ ಸ್ಟೋರ್‌ನಲ್ಲಿ ಹೊರಗೆ ಕಾಣೋದಿಲ್ಲ, ನನಗೆ ಮಾತ್ರ ಬರುತ್ತದೆ. ಹಾಗಾಗಿ ಬಿಡುಗಡೆಯ ದಿನ ಸ್ಟೋರ್ ಪುಟದಲ್ಲಿ ಒಂದು ನಕ್ಷತ್ರವೂ ಇರೋದಿಲ್ಲ. ಅಂಗಳದಲ್ಲಿ ಸೇರಿದ ಮನೆಗಳಿಗೆ ಆ ವಾರ ಒಂದು ಸಂದೇಶ ಕಳಿಸಬೇಕು. ಗುಂಪಿನ ಕೋಡ್ ಹಾಕುವ ಡಬ್ಬಿಯನ್ನು ಸಾರ್ವಜನಿಕ ಆವೃತ್ತಿಯಲ್ಲೂ ಉಳಿಸುತ್ತಿದ್ದೇನೆ, ಬೇಕಾದವರು ತುಂಬಲಿ. ಸಾಗರ ಮತ್ತು ತೀರ್ಥಹಳ್ಳಿ ಕಡೆಯ ಒಂದೊಂದು ಕಾಲೇಜಿಗೆ ಹೊಸ ಕೋಡ್ ಮಾಡಿಟ್ಟಿದ್ದೇನೆ. ಅಲ್ಲಿ ಸುಲಿತವನ್ನು ಯಾವ ಅಳತೆಯಲ್ಲಿ ಎಣಿಸುತ್ತಾರೆ ಅಂತ ಮೊದಲು ಕೇಳಿಕೊಂಡು ಬರಬೇಕು.